ಸೊನ್ನೆಯಲ್ಲಿ ಮುರಿದದ್ದು ಒಂದರಲ್ಲೇಕೆ ಮುರಿಯಲಿಲ್ಲ?

ಬಿ.ಎಸ್ಸಿ ಗಣಿತದ ಪ್ರಶ್ನೆಪತ್ರಿಕೆಗಳಲ್ಲಿ ಆಗಾಗ ತಲೆಹಾಕುವ ಪ್ರಶ್ನೆಯೊಂದಿದೆ. ಮೂರು ಅಡ್ಡಸಾಲು, ಮೂರು ಕಂಬಸಾಲಿನ ಮ್ಯಾಟ್ರಿಕ್ಸ್ ಕೊಟ್ಟಿರುತ್ತಾರೆ. ಒಂಬತ್ತು ಮನೆಗಳಲ್ಲಿ ಎಂಟಕ್ಕೆ ಅಂಕಿ ತುಂಬಿ, ಉಳಿದ ಒಂದರಲ್ಲಿ k ಎಂದು ಬರೆದು, k ಯಾವ ಯಾವ ಬೆಲೆ ತಳೆದಾಗ ಇದನ್ನು ಕರ್ಣರೂಪಕ್ಕೆ ತರಬಹುದು ಎಂದು ಕೇಳುತ್ತಾರೆ. ನೋಡಲು ಸಣ್ಣ ಲೆಕ್ಕ. ಆದರೆ ಇದಕ್ಕೆ ಬರುವ ತಪ್ಪು ಉತ್ತರಗಳಲ್ಲಿ ಬಹುಪಾಲು ಒಂದೇ ಜಾತಿಯವು. ಆ ತಪ್ಪನ್ನು ಒಂದು ಕಾಲದಲ್ಲಿ ಯುರೋಪಿನ ಅತಿರಥರೇ ಮಾಡಿದ್ದರು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮ್ಯಾಟ್ರಿಕ್ಸನ್ನು ಎದುರಿಗಿಟ್ಟುಕೊಳ್ಳೋಣ.

```
       0   1   1
A  =   k   0  -1
       0   0   1
```

ಇಂಥ ಚೌಕವನ್ನು ಕೋಷ್ಟಕವೆಂದು ನೋಡುವುದಕ್ಕಿಂತ ಒಂದು ಕೆಲಸವೆಂದು ನೋಡುವುದು ಮೇಲು. ಮೂರು ಸಂಖ್ಯೆಗಳನ್ನು (x, y, z) ಎಂದು ಅದರೊಳಗೆ ಹಾಕಿದರೆ ಬೇರೆ ಮೂರು ಸಂಖ್ಯೆಗಳು ಹೊರಬರುತ್ತವೆ. ಒಂದೊಂದು ಅಡ್ಡಸಾಲೂ ಒಂದೊಂದು ಸಂಖ್ಯೆಯನ್ನು ಕೊಡುತ್ತದೆ. ನಮ್ಮ A ಹೊರಗೆ ಕೊಡುವುದು (y + z, kx − z, z). ಮೂರು ಸಂಖ್ಯೆಗಳ ಗುಂಪನ್ನು ಬಯಲಿನಲ್ಲಿ ನೆಟ್ಟ ಬಾಣದಂತೆ ಕಲ್ಪಿಸಿಕೊಂಡರೆ, A ಆ ಬಾಣವನ್ನು ತಿರುಗಿಸಿ, ಎಳೆದು, ಇಲ್ಲವೇ ಕುಗ್ಗಿಸಿ ಇನ್ನೊಂದು ಬಾಣ ಮಾಡುತ್ತದೆ. ಈ ಬಾಣಕ್ಕೇ ವೆಕ್ಟರ್ ಎನ್ನುವುದು.

ಸಾಮಾನ್ಯವಾಗಿ ಒಳಹೋದ ವೆಕ್ಟರ್ ಬೇರೆ ದಿಕ್ಕಿಗೆ ಮುಖ ಮಾಡಿ ಹೊರಬರುತ್ತದೆ. ಆದರೆ ಕೆಲವು ದಿಕ್ಕುಗಳಿಗೆ ಆ ತೊಂದರೆ ಇಲ್ಲ. ಅಲ್ಲಿ ವೆಕ್ಟರ್ ತನ್ನ ಗೆರೆಯ ಮೇಲೆಯೇ ಉಳಿದು ಬರೀ ಉದ್ದ ಬದಲಿಸಿಕೊಳ್ಳುತ್ತದೆ, ಹೆಚ್ಚೆಂದರೆ ಹಿಂದುಮುಂದಾಗುತ್ತದೆ. ಇಂಥದನ್ನು ಐಗನ್ ವೆಕ್ಟರ್ ಎನ್ನುತ್ತಾರೆ. ಅದರ ಉದ್ದ ಎಷ್ಟು ಪಟ್ಟಾಯಿತು ಎಂಬ ಸಂಖ್ಯೆ ಐಗನ್ ಮೌಲ್ಯ. ಅದನ್ನು λ ಎಂದು ಬರೆಯುವುದು ರೂಢಿ. ಒಂದೇ ಸಮತಲದಲ್ಲಿ ಬಿದ್ದಿರದ ಇಂಥ ಮೂರು ದಿಕ್ಕುಗಳು ಸಿಕ್ಕರೆ ನಮ್ಮ ಕೆಲಸ ಮುಗಿದಂತೆಯೇ. ಆ ಮೂರನ್ನೇ ಅಕ್ಷಗಳಾಗಿ ಇಟ್ಟುಕೊಂಡು ಮ್ಯಾಟ್ರಿಕ್ಸನ್ನು ಮತ್ತೆ ಬರೆದರೆ, ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗುವ ಕರ್ಣದ ಮೇಲೆ ಮೂರು ಐಗನ್ ಮೌಲ್ಯಗಳು ಕೂರುತ್ತವೆ, ಮಿಕ್ಕ ಆರು ಮನೆಗಳಲ್ಲಿ ಸೊನ್ನೆ. ಕರ್ಣರೂಪಕ್ಕೆ ತರುವುದು ಎಂದರೆ ಇಷ್ಟೇ. ಅಂಥ ಮೂರು ದಿಕ್ಕುಗಳು ಸಿಗದಿದ್ದರೆ ಎಷ್ಟು ತಿಣುಕಿದರೂ ಆಗದು.

ಹಾಗಾದರೆ ಆ ದಿಕ್ಕುಗಳನ್ನು ಹುಡುಕೋಣ. ಪುಸ್ತಕದ ದಾರಿ ಡಿಟರ್ಮಿನೆಂಟ್ ಬಿಡಿಸುವುದು. ಇಲ್ಲಿ ಅದರ ಅಗತ್ಯವೂ ಇಲ್ಲ. ಹೊರಬಂದದ್ದು ಒಳಹೋದದ್ದರ λ ಪಟ್ಟು ಎಂದರೆ ಮೂರು ಸಮೀಕರಣಗಳು:

```
y + z  = λx
kx - z = λy
z      = λz
```

ಮೂರನೆಯದನ್ನು ಮೊದಲು ಹಿಡಿಯಿರಿ. z = λz ಆಗಲು ಎರಡೇ ದಾರಿ. ಒಂದೋ z ಸೊನ್ನೆ, ಇಲ್ಲವೇ λ ಒಂದು. ಇಡೀ ಲೆಕ್ಕ ಈ ಕವಲಿನಲ್ಲಿಯೇ ಇದೆ.

z ಸೊನ್ನೆಯಾದ ದಾರಿಯಲ್ಲಿ ಹೊರಟರೆ, ಮೊದಲ ಸಮೀಕರಣ y = λx ಎನ್ನುತ್ತದೆ, ಎರಡನೆಯದು kx = λy ಎನ್ನುತ್ತದೆ. ಎರಡನ್ನೂ ಸೇರಿಸಿದರೆ kx = λ²x. ಇಲ್ಲಿ x ಸೊನ್ನೆಯಾದರೆ y ಕೂಡ ಸೊನ್ನೆಯಾಗಿ ವೆಕ್ಟರೇ ಇಲ್ಲವಾಗುತ್ತದೆ; ಆದ್ದರಿಂದ λ² = k. ಅಂದರೆ λ ಎಂಬುದು √k ಅಥವಾ −√k. ಅದಕ್ಕೆ ತಕ್ಕ ವೆಕ್ಟರ್ (1, λ, 0).

λ ಒಂದಾದ ದಾರಿಯಲ್ಲಿ ಮೊದಲ ಸಮೀಕರಣ y + z = x ಆಗುತ್ತದೆ, ಎರಡನೆಯದು kx = y + z. ಬಲಗಡೆ ಎರಡರಲ್ಲೂ y + z ಬಂದದ್ದರಿಂದ kx = x, ಎಂದರೆ (k − 1)x = 0. k ಒಂದಲ್ಲದಿದ್ದರೆ x ಸೊನ್ನೆಯಾಗಲೇಬೇಕು, ಆಗ ಸಿಗುವ ದಿಕ್ಕು (0, 1, −1). k ಒಂದೇ ಆಗಿದ್ದರೆ x ಮೇಲೆ ಯಾವ ಕಟ್ಟೂ ಇಲ್ಲ. ಈ ಸಂಗತಿಯನ್ನು ಸದ್ಯಕ್ಕೆ ಬದಿಗಿಡೋಣ.

ಡಿಟರ್ಮಿನೆಂಟ್ ಬಿಡಿಸಿದವರಿಗೂ ಬರುವುದು ಇದೇ: (1 − λ)(λ² − k) = 0. ಮೂರು ಐಗನ್ ಮೌಲ್ಯಗಳು 1, √k, −√k. ಇವು ಮೂರೂ ಬೇರೆ ಬೇರೆಯಾಗಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ಐಗನ್ ಮೌಲ್ಯಗಳ ವೆಕ್ಟರ್‌ಗಳು ಒಂದರ ಮೇಲೊಂದು ಒರಗಿ ನಿಲ್ಲುವುದಿಲ್ಲ, ಸ್ವತಂತ್ರವಾಗಿಯೇ ಇರುತ್ತವೆ ಎಂಬ ಪ್ರಮೇಯವಿದೆ. ಗಾಬರಿ ಬೇಕಿರುವುದು ಎರಡು ಮೌಲ್ಯಗಳು ಒಂದಾಗುವ ಕಡೆ. ಅದು ಎರಡು ಜಾಗಗಳಲ್ಲಿ ಮಾತ್ರ ಆಗುತ್ತದೆ. k = 0 ಆದಾಗ √k ಮತ್ತು −√k ಎರಡೂ ಸೊನ್ನೆಯಾಗುತ್ತವೆ. k = 1 ಆದಾಗ √k ಹೋಗಿ ಆಗಲೇ ಅಲ್ಲಿ ಕೂತಿದ್ದ 1 ಅನ್ನು ಸೇರುತ್ತದೆ.

ಮೊದಲು ಸುಲಭದ ಒಂದು ಬೆಲೆ ತೆಗೆದುಕೊಳ್ಳೋಣ, k = 4. ಐಗನ್ ಮೌಲ್ಯಗಳು 2, −2, 1. ದಿಕ್ಕುಗಳು (1, 2, 0), (1, −2, 0), (0, 1, −1). ನಂಬಿಕೆ ಬಾರದವರು (1, 2, 0) ಅನ್ನು ಹಾಕಿ ನೋಡಬಹುದು. y + z ಎಂದರೆ 2, 4x − z ಎಂದರೆ 4, z ಸೊನ್ನೆ. ಹೊರಬಂದದ್ದು (2, 4, 0), ಸರಿಯಾಗಿ ಎರಡು ಪಟ್ಟು.

ಇದರಿಂದ ಏನು ಲಾಭ ಎಂದರೆ, (3, 3, −1) ಎಂಬ ವೆಕ್ಟರನ್ನು ಈ ಮ್ಯಾಟ್ರಿಕ್ಸಿನಲ್ಲಿ ಹತ್ತು ಸಲ ಹಾಯಿಸಬೇಕಾಗಿದೆ ಎಂದುಕೊಳ್ಳಿ. ಒಂದೊಂದಾಗಿ ಗುಣಿಸುತ್ತ ಹೋದರೆ ಹಾಳೆ ತುಂಬುತ್ತದೆ. ಅದರ ಬದಲು ಅದನ್ನು ಮೂರು ದಿಕ್ಕುಗಳಿಗೆ ಹಂಚಿ: (1, 2, 0) ಎರಡು ಪಾಲು, (1, −2, 0) ಒಂದು ಪಾಲು, (0, 1, −1) ಒಂದು ಪಾಲು. ಕೂಡಿದರೆ (3, 3, −1) ಬರುತ್ತದೆ. ಹತ್ತು ಸಲ ಹಾಯ್ದಾಗ ಮೊದಲೆರಡು ಪಾಲುಗಳು 1024 ಪಟ್ಟಾಗುತ್ತವೆ. −2 ಕೂಡ ಹತ್ತನೇ ಘಾತಕ್ಕೆ 1024 ಆಗುತ್ತದಲ್ಲ. ಮೂರನೆಯದು ಇದ್ದ ಹಾಗೆಯೇ ಇರುತ್ತದೆ. ಉತ್ತರ (3072, 2049, −1). ಬಾಯಲ್ಲೇ ಹೇಳಬಹುದಾದ ಲೆಕ್ಕ.

k ಧನಸಂಖ್ಯೆಯಾಗಿದ್ದು 1 ಅಲ್ಲದಿದ್ದರೆ ಎಲ್ಲ ಬೆಲೆಗಳಿಗೂ ಕಥೆ ಇದೇ. k ಋಣವಾದಾಗ ಒಂದು ತಕರಾರು ಎದ್ದೇಳುತ್ತದೆ. k = −1 ಎಂದರೆ λ² = −1. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗದು. ಆದ್ದರಿಂದ ವಾಸ್ತವ ಸಂಖ್ಯೆಗಳೊಳಗೇ ಇರಬೇಕೆಂದು ಪಟ್ಟು ಹಿಡಿದರೆ ಸಿಗುವುದು (0, 1, −1) ಎಂಬ ಒಂದೇ ದಿಕ್ಕು, ಕರ್ಣರೂಪ ಅಸಾಧ್ಯ. ಸಂಕೀರ್ಣ ಸಂಖ್ಯೆಗಳಿಗೆ ಒಪ್ಪಿದರೆ i ಮತ್ತು −i ಎರಡೂ ಬರುತ್ತವೆ, ವೆಕ್ಟರ್‌ಗಳು (1, i, 0) ಮತ್ತು (1, −i, 0), ಮೂರು ದಿಕ್ಕು ಪೂರ್ತಿ. ಪ್ರಶ್ನೆಯಲ್ಲಿ ಯಾವ ಸಂಖ್ಯೆಗಳ ಲೋಕದಲ್ಲಿ ಎಂದು ಹೇಳದಿದ್ದರೆ ಉತ್ತರವೂ ಪೂರ್ತಿಯಾಗದು. ಪ್ರಶ್ನೆ ತೆಗೆಯುವವರು ಇದನ್ನು ಬರೆಯಲು ಮರೆಯುವುದು ಅಪರೂಪವೇನಲ್ಲ. ಅಂಥ ಕಡೆ ಎರಡನ್ನೂ ಬರೆದಿಡುವುದು ಜಾಣತನ.

ಈಗ k = 0. ಎರಡು ಐಗನ್ ಮೌಲ್ಯಗಳು ಸೊನ್ನೆ, ಮೂರನೆಯದು 1. ಸೊನ್ನೆಗೆ ಸೇರಿದ ದಿಕ್ಕುಗಳೆಷ್ಟು? z ಸೊನ್ನೆಯಾದ ದಾರಿಯಲ್ಲಿ ನಾವು ಕಂಡದ್ದು (1, λ, 0). λ ಸೊನ್ನೆಯಾದ್ದರಿಂದ (1, 0, 0) ಒಂದೇ. ಎರಡು ಸಲ ಬಂದ ಮೌಲ್ಯಕ್ಕೆ ಎರಡು ದಿಕ್ಕು ಬೇಕಿತ್ತು, ಸಿಕ್ಕಿದ್ದು ಒಂದು. 1 ಎಂಬ ಮೌಲ್ಯದ (0, 1, −1) ಸೇರಿ ಒಟ್ಟು ಎರಡೇ ದಿಕ್ಕುಗಳು. ವಾಸ್ತವವಾಗಲಿ ಸಂಕೀರ್ಣವಾಗಲಿ, ಯಾವ ಸಂಖ್ಯೆಗಳನ್ನು ತಂದರೂ ಮೂರನೆಯದು ಹುಟ್ಟುವುದಿಲ್ಲ. ಇಲ್ಲಿ ಕರ್ಣರೂಪ ಇಲ್ಲ.

ದಿಕ್ಕುಗಳನ್ನು ಹುಡುಕದೆಯೂ ಇದನ್ನು ಪತ್ತೆ ಹಚ್ಚಬಹುದು. ಕರ್ಣದ ಮೇಲೆ 0, 0, 1 ಕೂತ ಮ್ಯಾಟ್ರಿಕ್ಸಿಗೆ ಒಂದು ಗುಣವಿದೆ. ಅದನ್ನು ಅದರಿಂದಲೇ ಗುಣಿಸಿದರೆ ಅದೇ ಬರುತ್ತದೆ, ಏಕೆಂದರೆ 0 ಮತ್ತು 1 ತಮ್ಮ ವರ್ಗಕ್ಕೆ ತಾವೇ ಸಮ. ಅಕ್ಷ ಬದಲಿಸಿದರೆ ಈ ಗುಣ ಹೋಗುವುದಿಲ್ಲ. ಹಾಗಾಗಿ A ಕರ್ಣರೂಪಕ್ಕೆ ಬರುವಂಥದ್ದಾಗಿದ್ದರೆ A² ಮತ್ತು A ಒಂದೇ ಆಗಿರಬೇಕಿತ್ತು. ಗುಣಿಸಿ ನೋಡಿ:

```
        0   0   0
A²  =   0   0  -1
        0   0   1
```

A ದ ಮೊದಲ ಸಾಲು 0, 1, 1 ಇತ್ತು. A² ದಲ್ಲಿ ಅದು ಪೂರ್ತಿ ಸೊನ್ನೆ. ಎರಡೂ ಒಂದೇ ಅಲ್ಲ, ಅಷ್ಟಕ್ಕೆ ಪ್ರಕರಣ ಮುಗಿಯಿತು.

ಕಾಣೆಯಾದ ಆ ದಿಕ್ಕು ಎಲ್ಲಿ ಹೋಯಿತು ಎಂಬ ಕುತೂಹಲ ಉಳಿಯುತ್ತದೆ. k = 0 ಇಟ್ಟು (0, 1, 0) ಅನ್ನು ಮ್ಯಾಟ್ರಿಕ್ಸಿಗೆ ಕೊಟ್ಟರೆ (1, 0, 0) ಹೊರಬರುತ್ತದೆ. ಅದನ್ನು ಮತ್ತೆ ಕೊಟ್ಟರೆ ಸೊನ್ನೆ. ಒಂದೇ ಏಟಿಗೆ ಸೊನ್ನೆಯಾಗಬೇಕಿದ್ದ ವೆಕ್ಟರ್ ಎರಡು ಏಟು ತೆಗೆದುಕೊಂಡಿತು. ಫ್ರಾನ್ಸಿನ ಕಮೀಯ್ ಜೋರ್ಡಾನ್ 1870ರ ತನ್ನ ಗ್ರಂಥದಲ್ಲಿ ಇಂಥ ಸರಪಳಿಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಕರ್ಣರೂಪಕ್ಕೆ ಬಾರದ ಮ್ಯಾಟ್ರಿಕ್ಸುಗಳಿಗೂ ಒಂದು ಅಚ್ಚುಕಟ್ಟಾದ ರೂಪ ಕೊಟ್ಟ. ಅದರಲ್ಲಿ ಕರ್ಣದ ಪಕ್ಕದ ಮನೆಯಲ್ಲಿ ಒಂದು 1 ಉಳಿದುಬಿಡುತ್ತದೆ. ಈ ಸರಪಳಿಯ ಗುರುತು ಅದು.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಿಬಿಡಬೇಕು. A ದ ಡಿಟರ್ಮಿನೆಂಟ್ −k. k = 0 ಆದಾಗ ಅದೂ ಸೊನ್ನೆ. ಇದನ್ನು ನೋಡಿ, ಡಿಟರ್ಮಿನೆಂಟ್ ಸೊನ್ನೆಯಾದ್ದರಿಂದಲೇ ಕರ್ಣರೂಪ ಕೆಟ್ಟಿತು ಎಂದು ಬರೆಯುವವರಿದ್ದಾರೆ. ಉತ್ತರ ಸರಿ, ಕಾರಣ ತಪ್ಪು. ಡಿಟರ್ಮಿನೆಂಟ್ ಸೊನ್ನೆ ಎಂದರೆ ವಿಲೋಮ ಇಲ್ಲ ಎಂದಷ್ಟೇ ಅರ್ಥ. ಒಂಬತ್ತೂ ಮನೆಗಳಲ್ಲಿ ಸೊನ್ನೆಯಿರುವ ಮ್ಯಾಟ್ರಿಕ್ಸಿಗೂ ವಿಲೋಮ ಇಲ್ಲ, ಆದರೆ ಅದು ಹುಟ್ಟುವಾಗಲೇ ಕರ್ಣರೂಪದಲ್ಲಿದೆ.

ಇನ್ನು ಬದಿಗಿಟ್ಟಿದ್ದ k = 1. ಐಗನ್ ಮೌಲ್ಯಗಳು 1, 1, −1. ಇಲ್ಲೂ ಎರಡು ಒಂದಾಗಿವೆ. ಸೊನ್ನೆಯಲ್ಲಿ ಹಾಗಾದಾಗ ಕೆಟ್ಟಿತಲ್ಲ, ಇಲ್ಲೂ ಕೆಟ್ಟಿತು ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವ ಆತುರ ಸಹಜ. ಆದರೆ λ = 1 ಇಟ್ಟು ಸಮೀಕರಣಗಳನ್ನು ನೋಡಿ. ಮೊದಲನೆಯದು y + z = x. ಎರಡನೆಯದು x − z = y. ಇವೆರಡೂ ಒಂದೇ ಮಾತು, ಪದಗಳ ಜಾಗ ಬದಲಾಗಿದೆ ಅಷ್ಟೆ. ಮೂರನೆಯದು z = z, ಅದು ಏನನ್ನೂ ಹೇಳುವುದಿಲ್ಲ. ಮೂರು ಅಜ್ಞಾತಗಳಿಗೆ ಒಂದೇ ಷರತ್ತು ಉಳಿದರೆ ಎರಡು ಸ್ವಾತಂತ್ರ್ಯ ಉಳಿದಂತೆ. x = y + z ಎಂಬ ಇಡೀ ಸಮತಲದಲ್ಲಿ ಯಾವ ವೆಕ್ಟರ್ ತೆಗೆದರೂ A ಅದನ್ನು ಮುಟ್ಟದೆ ಬಿಡುತ್ತದೆ. ಅದರಿಂದ (1, 1, 0) ಮತ್ತು (0, 1, −1) ಎಂಬ ಎರಡನ್ನು ಆರಿಸಿಕೊಂಡು, −1 ಎಂಬ ಮೌಲ್ಯದ (1, −1, 0) ಅನ್ನು ಜತೆಗಿಟ್ಟರೆ ಮೂರು ಸ್ವತಂತ್ರ ದಿಕ್ಕುಗಳು. ಕರ್ಣರೂಪ ಇದೆ.

ಗುಣಿಸಿ ನೋಡುವ ಪರೀಕ್ಷೆಯೂ ಇದನ್ನೇ ಹೇಳುತ್ತದೆ. ಕರ್ಣದ ಮೇಲೆ 1, 1, −1 ಇದ್ದರೆ ವರ್ಗ ಮಾಡಿದಾಗ ಮೂರೂ 1 ಆಗಬೇಕು. k = 1 ಇಟ್ಟು A ಅನ್ನು A ಯಿಂದ ಗುಣಿಸಿ. ಕರ್ಣದ ಮೇಲೆ ಮೂರು ಒಂದುಗಳು, ಮಿಕ್ಕೆಡೆ ಸೊನ್ನೆ ಬರುತ್ತದೆ. ಒಳಹೋದ ವೆಕ್ಟರ್ ಎರಡು ಸಲ ಹಾಯ್ದು ತನ್ನ ಮೊದಲ ಸ್ಥಿತಿಗೇ ಬಂದು ನಿಲ್ಲುತ್ತದೆ.

ಮೂಲಗಳು ಮರುಕಳಿಸಿದರೆ ಕೆಟ್ಟಿತು ಎಂಬ ಆತುರದ ತೀರ್ಮಾನವೇ ಆರಂಭದಲ್ಲಿ ಹೇಳಿದ ಹಳೆಯ ತಪ್ಪು. ಹದಿನೆಂಟನೇ ಶತಮಾನದಲ್ಲಿ ಲಗ್ರಾಂಜ್ ಮತ್ತು ಲಪ್ಲಾಸ್ ಗ್ರಹಗಳ ಕಕ್ಷೆಗಳು ಕಾಲಾಂತರದಲ್ಲಿ ನಿಧಾನವಾಗಿ ಹೇಗೆ ಬದಲಾಗುತ್ತವೆ, ಸಮತೋಲನದಲ್ಲಿರುವ ವ್ಯವಸ್ಥೆಯನ್ನು ಸ್ವಲ್ಪ ಅಲುಗಿಸಿದರೆ ಅದು ಹೇಗೆ ತೂಗಾಡುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಆಗಿನ್ನೂ ಮ್ಯಾಟ್ರಿಕ್ಸ್ ಎಂಬ ಮಾತು ಹುಟ್ಟಿರಲಿಲ್ಲ, ಆದರೆ ಸಮೀಕರಣ ಇದೇ, ಮೂಲಗಳೂ ಇವೇ. ಎರಡು ಮೂಲಗಳು ಸಮವಾದರೆ ಉತ್ತರದಲ್ಲಿ ಕಾಲದ ಜತೆ ಬೆಳೆಯುತ್ತಲೇ ಹೋಗುವ ಪದ ನುಸುಳುತ್ತದೆ, ಅಲ್ಲಿಗೆ ತೂಗಾಟ ಮಿತಿಮೀರುತ್ತದೆ ಎಂದು ಅವರು ನಂಬಿದ್ದರು. ಜರ್ಮನಿಯ ವೈಯರ್‌ಸ್ಟ್ರಾಸ್ 1858ರಲ್ಲಿ ಇದು ಹಾಗಲ್ಲ ಎಂದು ತೋರಿಸಿದ. ಅಂಥ ತೂಗಾಟಗಳ ಲೆಕ್ಕದಲ್ಲಿ ಬರುವ ಅಂಕಿಗಳಿಗೆ ಕರ್ಣದ ಎರಡೂ ಬದಿ ಒಂದೇ ತೆರನಾಗಿರುವ ಸಮಮಿತಿ ಇರುತ್ತದೆ. ಆ ಸಮಮಿತಿ ಇದ್ದಾಗ ಮೂಲಗಳು ಎಷ್ಟು ಸಲ ಮರುಕಳಿಸಿದರೂ ದಿಕ್ಕುಗಳ ಲೆಕ್ಕ ಕಡಿಮೆಯಾಗುವುದಿಲ್ಲ. ನಮ್ಮ A ಗೆ ಆ ಸಮಮಿತಿ ಇಲ್ಲ. ಅದಕ್ಕೇ ಒಂದು ಕಡೆ ಕೆಟ್ಟು, ಇನ್ನೊಂದು ಕಡೆ ಉಳಿದುಕೊಂಡಿತು.

ಲಗ್ರಾಂಜ್ ಹೆದರಿದ ಆ ಬೆಳೆಯುವ ಪದವನ್ನು ನಮ್ಮ ಮ್ಯಾಟ್ರಿಕ್ಸಿನಲ್ಲಿಯೇ ಕಣ್ಣಾರೆ ನೋಡಬಹುದು. z ಸೊನ್ನೆ ಎಂದಿಟ್ಟು, x ಅನ್ನು ಒಂದು ವಸ್ತು ಇರುವ ಜಾಗವೆಂದೂ y ಅನ್ನು ಅದರ ವೇಗವೆಂದೂ ತಿಳಿಯಿರಿ. A ಹೇಳುವುದು ಜಾಗ ಬದಲಾಗುವ ದರ y, ವೇಗ ಬದಲಾಗುವ ದರ kx ಎಂದು. k ಋಣವಾಗಿದ್ದರೆ ಇದು ಸ್ಪ್ರಿಂಗಿಗೆ ಕಟ್ಟಿದ ಗುಂಡು: ದೂರ ಹೋದಷ್ಟೂ ಹಿಂದಕ್ಕೆ ಎಳೆಯುವ ಬಲ, ಹಾಗಾಗಿ ಅತ್ತಿಂದಿತ್ತ ಓಲಾಟ. ಐಗನ್ ಮೌಲ್ಯಗಳು ಸಂಕೀರ್ಣವಾದದ್ದರ ಅರ್ಥ ಆ ಓಲಾಟವೇ. k ಧನವಾಗಿದ್ದರೆ ದೂರ ಹೋದಷ್ಟೂ ಇನ್ನೂ ಆಚೆಗೆ ತಳ್ಳುವ ಬಲ. ವಸ್ತು ಘಾತೀಯವಾಗಿ ಓಡಿಹೋಗುತ್ತದೆ. k ಸೊನ್ನೆಯಾದರೆ ಬಲವೇ ಇಲ್ಲ. ನ್ಯೂಟನ್ನನ ಮೊದಲ ನಿಯಮದಂತೆ ಅದು ಒಂದೇ ವೇಗದಲ್ಲಿ ಸಾಗುತ್ತದೆ: ಹೊರಟ ಜಾಗ, ಜತೆಗೆ ವೇಗ ಗುಣಿಸು ಕಾಲ. ಈ ‘ಗುಣಿಸು ಕಾಲ’ ಎಂಬುದೇ ಆ ಬೆಳೆಯುವ ಪದ. ಕರ್ಣರೂಪಕ್ಕೆ ಬರುವ ವ್ಯವಸ್ಥೆಯಲ್ಲಿ ಬರೀ ಘಾತೀಯ ಪದಗಳ ಮೊತ್ತ ಬರಬಹುದೇ ಹೊರತು ಇಂಥ ಪದ ಬರಲು ದಾರಿಯಿಲ್ಲ. ಯಾವ ಬಲವೂ ಇಲ್ಲದೆ ನೆಟ್ಟಗೆ ಸಾಗುವ ವಸ್ತುವೇ ಕರ್ಣರೂಪಕ್ಕೆ ಒಗ್ಗದು ಎಂಬುದು ಮೊದಲ ಸಲ ಗಮನಿಸಿದಾಗ ಸ್ವಲ್ಪ ವಿಚಿತ್ರವೆನಿಸುತ್ತದೆ.

ಎರಡು ಮೌಲ್ಯಗಳು ಒಂದಾಗುವ ಗಳಿಗೆಯಲ್ಲಿ ದಿಕ್ಕುಗಳು ಏನು ಮಾಡುತ್ತವೆ ಎಂಬುದರಲ್ಲಿ ಈ ವ್ಯತ್ಯಾಸದ ಗುಟ್ಟಿದೆ. k ಸೊನ್ನೆಯತ್ತ ಇಳಿಯುವಾಗ (1, √k, 0) ಮತ್ತು (1, −√k, 0) ಎರಡೂ ಒಂದರ ಕಡೆಗೊಂದು ಸರಿಯುತ್ತವೆ. k = 0.01 ಆದಾಗ (1, 0.1, 0) ಮತ್ತು (1, −0.1, 0). k = 0.0001 ಆದಾಗ (1, 0.01, 0) ಮತ್ತು (1, −0.01, 0). ಕೊನೆಗೆ ಎರಡೂ (1, 0, 0) ಮೇಲೆ ಒಂದರ ಮೇಲೊಂದು ಬೀಳುತ್ತವೆ. k ಒಂದರತ್ತ ಹೋಗುವಾಗ ಹೀಗಾಗುವುದಿಲ್ಲ. 1 ಎಂಬ ಮೌಲ್ಯದ ವೆಕ್ಟರ್ (0, 1, −1) ತನ್ನ ಜಾಗ ಬಿಟ್ಟು ಕದಲುವುದೇ ಇಲ್ಲ. √k ದ ವೆಕ್ಟರ್ (1, 1, 0) ಕಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೌಲ್ಯಗಳು ಸೇರಿದವು, ದಿಕ್ಕುಗಳು ಸೇರಲಿಲ್ಲ.

ಮೂರು ವೆಕ್ಟರ್‌ಗಳನ್ನು ಮೂರು ಕಂಬಸಾಲುಗಳಾಗಿ ನಿಲ್ಲಿಸಿ ಡಿಟರ್ಮಿನೆಂಟ್ ತೆಗೆದರೆ ಇದು ಒಂದೇ ಸಾಲಿನಲ್ಲಿ ಕಾಣುತ್ತದೆ. ಬರುವ ಉತ್ತರ 2√k. ಅದು ಸೊನ್ನೆಯಾಗುವುದು k ಸೊನ್ನೆಯಾದಾಗ ಮಾತ್ರ. k = 1 ಎಂಬ ಬೆಲೆಯ ಸುಳಿವೇ ಅದರಲ್ಲಿಲ್ಲ. ಋಣ k ಗೂ ಸಂಕೀರ್ಣ ಸಂಖ್ಯೆಗಳನ್ನು ಒಪ್ಪಿದರೆ ಇದೇ ಮಾತು. ಹೀಗೆ ಉತ್ತರ: ಸಂಕೀರ್ಣ ಸಂಖ್ಯೆಗಳ ಮೇಲೆ ಸೊನ್ನೆಯೊಂದನ್ನು ಬಿಟ್ಟು ಎಲ್ಲ k, ವಾಸ್ತವ ಸಂಖ್ಯೆಗಳ ಮೇಲೆ ಸೊನ್ನೆಗಿಂತ ದೊಡ್ಡದಾದ ಎಲ್ಲ k.

ಹಾಗಿದ್ದರೆ k = 1 ರಲ್ಲಿ ಉಳಿದುಕೊಂಡದ್ದು ಆ ಮೌಲ್ಯಗಳ ಗುಣವೇ ಎಂದು ಕೇಳಬಹುದು. ಅಲ್ಲ. ಎರಡನೇ ಸಾಲಿನ ಕೊನೆಯಲ್ಲಿರುವ −1 ಅನ್ನು ಅಳಿಸಿ 0 ಬರೆಯಿರಿ. ಈ ಹೊಸ ಮ್ಯಾಟ್ರಿಕ್ಸನ್ನು B ಎನ್ನೋಣ.

```
       0   1   1
B  =   k   0   0
       0   0   1
```

ಇದರ ಐಗನ್ ಮೌಲ್ಯಗಳ ಸಮೀಕರಣ ಮೊದಲಿನದೇ, (1 − λ)(λ² − k) = 0. ಯಾವ k ಕೊಟ್ಟರೂ A ಮತ್ತು B ಎರಡರ ಮೌಲ್ಯಗಳೂ ಒಂದೇ. ಆದರೆ k = 1, λ = 1 ಇಟ್ಟರೆ ಷರತ್ತುಗಳು y + z = x ಮತ್ತು x = y. ಈಗ ಇವೆರಡು ಬೇರೆ ಬೇರೆ ಮಾತುಗಳು. z ಸೊನ್ನೆಯಾಗಲೇಬೇಕು, ಉಳಿಯುವುದು (1, 1, 0) ಒಂದೇ ದಿಕ್ಕು. B ಗೆ k = 1 ರಲ್ಲಿಯೂ ಕರ್ಣರೂಪ ಇಲ್ಲ.

ಅದು ಕೆಡುವ ರೀತಿಯನ್ನೂ ನೋಡಬಹುದು. k ಒಂದಲ್ಲದಾಗ B ಯಲ್ಲಿ 1 ಎಂಬ ಮೌಲ್ಯದ ವೆಕ್ಟರ್ (1, k, 1 − k). k = 1.1 ಆದರೆ (1, 1.1, −0.1), ಅದೇ ಹೊತ್ತಿಗೆ √k ದ ವೆಕ್ಟರ್ ಸುಮಾರು (1, 1.049, 0). ಆಗಲೇ ಹತ್ತಿರ ಬಂದಿವೆ. k ಒಂದಾದಾಗ ಎರಡೂ (1, 1, 0) ಆಗಿಬಿಡುತ್ತವೆ. A ಯಲ್ಲಿ ಕದಲದೆ ನಿಂತಿದ್ದ ವೆಕ್ಟರ್ B ಯಲ್ಲಿ ಎದ್ದು ಬಂದು ಇನ್ನೊಂದರ ಮೇಲೆ ಬಿತ್ತು. ಬದಲಾದದ್ದು ಒಂದು ಮನೆಯ ಅಂಕಿ, ಅದೂ ಐಗನ್ ಮೌಲ್ಯಗಳ ಸಮೀಕರಣಕ್ಕೆ ಕಾಣಿಸದ ಅಂಕಿ. ಆದ್ದರಿಂದ ಸಮೀಕರಣದ ಮೂಲಗಳನ್ನು ನೋಡಿ ಸಂಶಯ ಪಡಬಹುದು, ಅಷ್ಟೇ. ತೀರ್ಪು ಕೊಡಲು ಮರುಕಳಿಸಿದ ಪ್ರತಿ ಮೌಲ್ಯಕ್ಕೂ λ ಇಟ್ಟು, ಎಷ್ಟು ಷರತ್ತುಗಳು ನಿಜವಾಗಿಯೂ ಬೇರೆ ಬೇರೆ ಎಂದು ಎಣಿಸಲೇಬೇಕು. ಆ ಎಣಿಕೆಗೇ ರ‍್ಯಾಂಕ್ ಎನ್ನುವುದು. ಎರಡು ಸಲ ಬಂದ ಮೌಲ್ಯಕ್ಕೆ ರ‍್ಯಾಂಕ್ 1 ಆದರೆ ಪಾಸು, 2 ಆದರೆ ಫೇಲು. A ಯಲ್ಲಿ k = 1 ಕ್ಕೆ ಅದು 1, B ಯಲ್ಲಿ 2.

ಕಾಗದದ ಮೇಲೆ ಇದು ಹೌದು ಅಥವಾ ಇಲ್ಲ ಎಂಬ ಪ್ರಶ್ನೆ. ಕಂಪ್ಯೂಟರಿನಲ್ಲಿ ಹಾಗಲ್ಲ. k = 0 ಹತ್ತಿರ A ಎಷ್ಟು ನಾಜೂಕು ಎಂದು ನೋಡಿ. k ಅನ್ನು ಸೊನ್ನೆಯಿಂದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು, ಅಂದರೆ 0.000001, ಅಲುಗಿಸಿದರೆ ಐಗನ್ ಮೌಲ್ಯಗಳು ಸೊನ್ನೆಯಿಂದ ±0.001 ಕ್ಕೆ ಹಾರುತ್ತವೆ. ಅಲುಗಿದ್ದಕ್ಕಿಂತ ಸಾವಿರ ಪಟ್ಟು. ಒಂದರ ಹತ್ತಿರ ಅಷ್ಟೇ ಅಲುಗಿಸಿದರೆ √k ಅದರ ಅರ್ಧದಷ್ಟು ಮಾತ್ರ ಸರಿಯುತ್ತದೆ. ಕರ್ಣರೂಪ ಇದೆ ಎಂದು ಹೇಳಬಹುದಾದ ಸಣ್ಣ k ಗಳಲ್ಲಿಯೂ ಅದನ್ನು ಬಳಸುವುದು ದುಬಾರಿ. k = 0.0001 ಆದಾಗ (0, 1, 0) ಎಂಬ ಸಾದಾ ವೆಕ್ಟರನ್ನು ಐಗನ್ ದಿಕ್ಕುಗಳಿಗೆ ಹಂಚಿದರೆ ಒಂದರ 50 ಪಾಲು, ಇನ್ನೊಂದರ −50 ಪಾಲು ಬರುತ್ತದೆ. ದೊಡ್ಡ ಎರಡು ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ ಸಣ್ಣದೊಂದು ಉತ್ತರ ಉಳಿಯಬೇಕು. ದಶಮಾಂಶದ ತುದಿಯಲ್ಲಿ ಮಾಡಿದ ಸಣ್ಣ ದೋಷ ಆ ಹೊಡೆದಾಟದಲ್ಲಿ ದೊಡ್ಡದಾಗುತ್ತದೆ. k ಇನ್ನೂ ಹತ್ತು ಸಾವಿರ ಪಟ್ಟು ಚಿಕ್ಕದಾದರೆ ಆ 50 ಎಂಬುದು 5000 ಆಗುತ್ತದೆ.

ಪೈಥಾನ್ ಬಲ್ಲವರು ಕರಾರುವಾಕ್ಕಾದ ಉತ್ತರವನ್ನು `sympy` ಯಿಂದ ಪಡೆಯಬಹುದು. ಅದು ದಶಮಾಂಶ ಬಳಸದೆ ಕಾಗದದ ಮೇಲಿನಂತೆಯೇ ಲೆಕ್ಕ ಮಾಡುತ್ತದೆ.

```
from sympy import Matrix
for k in [4, 1, 0, -1]:
    A = Matrix([[0, 1, 1], [k, 0, -1], [0, 0, 1]])
    print(k, A.is_diagonalizable(),
          A.is_diagonalizable(reals_only=True))
```

ನಾಲ್ಕಕ್ಕೂ ಒಂದಕ್ಕೂ ಎರಡು ಸಲ `True`, ಸೊನ್ನೆಗೆ ಎರಡು ಸಲ `False`, −1 ಕ್ಕೆ ಮೊದಲು `True` ಆಮೇಲೆ `False` ಬರುತ್ತದೆ. ದಶಮಾಂಶಗಳಲ್ಲಿ ಲೆಕ್ಕ ಮಾಡುವ `numpy` ಗೆ k = 0 ಇಟ್ಟ ಇದೇ ಮ್ಯಾಟ್ರಿಕ್ಸನ್ನು ಕೊಟ್ಟು `np.linalg.eig` ಎಂದರೆ ಅದು ತಕರಾರು ಮಾಡುವುದಿಲ್ಲ, ಮೂರು ಮೌಲ್ಯಗಳನ್ನೂ ಮೂರು ಕಂಬಸಾಲುಗಳನ್ನೂ ಕೊಟ್ಟುಬಿಡುತ್ತದೆ. ಕೊಟ್ಟ ಕಂಬಸಾಲುಗಳನ್ನು ಕಣ್ಣಿಟ್ಟು ನೋಡಬೇಕು. ಸೊನ್ನೆಗೆ ಸೇರಿದ ಎರಡು ಕಂಬಸಾಲುಗಳಲ್ಲಿ ಒಂದು ಇನ್ನೊಂದರ ಋಣರೂಪವಾಗಿರುತ್ತದೆ, ಇದ್ದರೆ ಗಣನೆಗೆ ಬಾರದಷ್ಟು ಸಣ್ಣ ವ್ಯತ್ಯಾಸ. ಆ ಮೂರು ಕಂಬಸಾಲುಗಳ ಡಿಟರ್ಮಿನೆಂಟ್ ತೆಗೆದರೆ ಸೊನ್ನೆ, ಇಲ್ಲವೇ ಅದಕ್ಕೆ ಸಮನೆನ್ನಬಹುದಾದ ಸಂಖ್ಯೆ ಸಿಗುತ್ತದೆ.